ಸೋಮವಾರ ಅಕ್ಕ ಡ್ಯೂಟಿಗೆ ವಾಪಸ್ ಬರುತ್ತಿದ್ದಾರೆ, ಏನಂತ ಮಾತಾಡಿಸೋದು?

ನವನಗರ ಕೌಂಟರ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕ್ಯಾಶ್ ಕೌಂಟರ್‌ನ ಅಕ್ಕ ನಾಲ್ಕು ತಿಂಗಳಿಗಿಂತ ಜಾಸ್ತಿ ರಜೆಯಲ್ಲಿದ್ದರು. ಆರಾಮಿಲ್ಲ ಅನ್ನುವುದಷ್ಟೇ ನಮಗೆ ಗೊತ್ತು. ಪೂರ್ತಿ ಗೊತ್ತಿರುವುದು ಮ್ಯಾನೇಜರ್ ಸಾಹೇಬರಿಗೆ ಮಾತ್ರ. ಅವರು ಯಾರಿಗೂ ಹೇಳಿಲ್ಲ, ಅದು ಸರಿಯಾಗಿಯೇ ಇದೆ.

ಸೋಮವಾರ ಅಕ್ಕ ಬರುತ್ತಿದ್ದಾರೆ. ನಮ್ಮವರಿಗೆಲ್ಲ ನಿಜವಾಗಿಯೂ ಖುಷಿ ಆಗಿದೆ. ಆ ಖುಷಿಯಲ್ಲಿ ಸೇವಂತಿಗೆ ಹಾರ, ಶಾಲು, ಕೇಕು ಅಂತ ಪ್ಲಾನ್ ಶುರುವಾಗಿದೆ. ಒಬ್ಬರು ವಾಟ್ಸಾಪ್ ಗ್ರೂಪಿಗೆ ಹಾಕಲು ಹೀಗೆ ಬರೆದಿಟ್ಟಿದ್ದಾರೆ:

"ದೊಡ್ಡ ಕಾಯಿಲೆಯೊಂದಿಗೆ ಹೋರಾಡಿ, ಗೆದ್ದು ಮರಳಿ ಬರುತ್ತಿರುವ ನಮ್ಮ ಧೀರ ಅಕ್ಕನಿಗೆ ಹೃತ್ಪೂರ್ವಕ ಸ್ವಾಗತ. ಬೇಗ ಪೂರ್ತಿ ಗುಣವಾಗಿ ಮೊದಲಿನಂತಾಗಲಿ ಎಂದು ದೇವರಲ್ಲಿ ಪ್ರಾರ್ಥನೆ."

ಆ ಗ್ರೂಪಿನಲ್ಲಿ ನಿರ್ದೇಶಕರು, ಪಿಗ್ಮಿ ಏಜೆಂಟರು ಎಲ್ಲರೂ ಇದ್ದಾರೆ. ಓದಿದಾಗಿನಿಂದ ನನಗೆ ಕಸಿವಿಸಿ. ಯಾವ ಕಾಯಿಲೆ, ಎಷ್ಟು ದೊಡ್ಡದು ಅಂತ ನಮಗೆ ಗೊತ್ತೇ ಇಲ್ಲ, ಗೆದ್ದರು ಅಂತ ಹೇಗೆ ಬರೆಯುವುದು?

ಇನ್ನೊಂದು ಚಿಂತೆ ಗ್ರಾಹಕರದು. ನವನಗರದಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ. "ಎಲ್ಲಿ ಹೋಗಿದ್ರಿ ಅಕ್ಕಾರ, ಏನಾಗಿತ್ತು?" ಅಂತ ಪಾಸ್‌ಬುಕ್ ಕೊಡುವ ಮೊದಲೇ ಕೇಳುತ್ತಾರೆ, ಅದೂ ಹಿಂದೆ ಸಾಲು ನಿಂತಿರುವಾಗ. ಪ್ರೀತಿ ಕಾಣಿಸಬೇಕು, ಆದರೆ ಕೆದಕಿದ ಹಾಗೆ ಆಗಬಾರದು. ಹೇಗೆ ಮಾಡೋಣ?

---

ಜಮಖಂಡಿ ಹುಡುಗ

ಕೇಕ್ ಕಟ್ ಮಾಡಿಸಿ, ಫೋಟೋ ತೆಗೀರಿ, ಮುಗೀತು. ಇಷ್ಟಕ್ಕೆ ಇಷ್ಟು ಯೋಚನೆ ಯಾಕೆ ಅಣ್ಣಾ?

---

ಇಳಕಲ್ ಸೆರಗು

@ಜಮಖಂಡಿ ಹುಡುಗ, ತಮ್ಮಾ, ಆ ಫೋಟೋದಲ್ಲಿ ಇರಬೇಕಾದವರನ್ನು ಒಮ್ಮೆ ನೆನೆಸಿಕೋ. ಕೂದಲು ಉದುರಿರಬಹುದು, ಮುಖ ಊದಿರಬಹುದು. ಅಂಥ ಹೊತ್ತಲ್ಲಿ ತೆಗೆದ ಫೋಟೋ ವರ್ಷಗಟ್ಟಲೆ ಗ್ರೂಪಿನಲ್ಲಿ ಉಳಿಯುತ್ತದೆ.

---

ಕುಂದಾನಗರಿ ಸಿಬ್ಬಂದಿ ವಿಭಾಗ (ಬೆಳಗಾವಿ)

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಅಪಘಾತ, ಆಪರೇಷನ್, ಮನೆಯಲ್ಲಿ ಸಾವು, ಮನಸ್ಸಿನ ತೊಂದರೆ, ಹೀಗೆ ಬೇರೆ ಬೇರೆ ಕಾರಣಕ್ಕೆ ತಿಂಗಳುಗಟ್ಟಲೆ ಹೋಗಿ ಬಂದವರನ್ನು ನೋಡಿದ್ದೇನೆ. ಸೋಮವಾರ ಏನು ಹೇಳಬೇಕು ಅನ್ನುವುದು ಶುಕ್ರವಾರವೇ ತೀರ್ಮಾನ ಆಗಬೇಕು. ತೀರ್ಮಾನಿಸಬೇಕಾದವರು ಅಕ್ಕ, ನೀವಲ್ಲ.

ಅದಕ್ಕೆ ಒಬ್ಬರೇ ಒಬ್ಬರು ಮೊದಲೇ ಅವರನ್ನು ಕೇಳಬೇಕು. ನಿಮ್ಮಲ್ಲಿ ಮ್ಯಾನೇಜರ್ ಕೇಳಿದರೆ ಒಳ್ಳೆಯದು. ವಿಷಯ ಗೊತ್ತಿರುವವರು ಕೇಳಿದರೆ ಅಕ್ಕ ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಫೋನ್ ಮಾಡುವುದಕ್ಕಿಂತ ಮೆಸೇಜ್ ಮೇಲು. ಫೋನಿನಲ್ಲಿ ಕೂಡಲೇ ಉತ್ತರ ಕೊಡಬೇಕು, ದನಿ ಸರಿ ಇಟ್ಟುಕೊಳ್ಳಬೇಕು. ಮೆಸೇಜ್ ಆದರೆ ಪುರಸೊತ್ತು ಸಿಗುತ್ತದೆ. ಹೀಗೆ ಬರೆಯಬಹುದು:

"ಅಕ್ಕಾರ, ನಮಸ್ಕಾರ್ರಿ. ಸೋಮವಾರ ನೀವು ಬರೂದು ಕೇಳಿ ಎಲ್ಲಾರಿಗೂ ಖುಷಿ ಆಗೇದ. ನಮ್ಮವ್ರು ಹಾರ, ಶಾಲು ಅಂತ ಉಮೇದಿನ್ಯಾಗ ಅದಾರ. ನಿಮಗ ಅದು ನಡೀತದೋ, ಇಲ್ಲಾ ಸುಮ್ನ ಬಂದು ಕೆಲಸಕ್ಕ ಕೂತ್ರ ಹಗೂರ ಅನಸ್ತದೋ? ಯಾರರ ಕೇಳಿದ್ರ ನಾವು ಏನ್ ಹೇಳಬೇಕು? ಪುರಸೊತ್ತಾದಾಗ ಒಂದ್ ಸಾಲು ಬರೀರಿ, ಅವಸರಿಲ್ಲ."

ಇದರಲ್ಲಿ "ಈಗ ಹೆಂಗದೀರಿ" ಅನ್ನುವ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಕೇಳಿದರೆ ಉತ್ತರ ಅತ್ತ ಕಡೆಯೇ ಹೋಗುತ್ತದೆ. ಅದೋ ಇದೋ ಅಂತ ಎರಡು ದಾರಿ ಮುಂದಿಟ್ಟರೆ ಕಾರಣ ಹೇಳದೆಯೇ ಒಂದನ್ನು ಆರಿಸಬಹುದು. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕೇಳಬೇಡಿ. ಹಾರವೂ ಬೇಡ, ಗುಂಪೂ ಬೇಡ ಅಂದುಕೊಂಡು ಸರಳವಾಗಿ ಮಾಡಿ.

---

ಮುಧೋಳ ಕಾಕಾ

ನಾನು ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು. ಬೆಳಗಾವಿ ತಂಗಿ ಹೇಳಿದ್ದು ಓದಿದೆ. ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಕಡೆ ಆರಾಮಿಲ್ಲದವರನ್ನು ಮಾತಾಡಿಸಿಕೊಂಡು ಬರದಿದ್ದರೆ ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಬ್ರೆಡ್ಡು, ಹಣ್ಣು ಹಿಡಿದುಕೊಂಡು ಹೋಗುತ್ತೇವೆ, ಪಕ್ಕದಲ್ಲಿ ಕೂಡುತ್ತೇವೆ, "ಏನಾತು, ಯಾವ ಡಾಕ್ಟರ್ ಕಡೆ ತೋರ್ಸೀರಿ, ರೊಕ್ಕ ಎಷ್ಟ್ ಆತು" ಅಂತ ಕೇಳುತ್ತೇವೆ. ಅದು ಕೆದಕುವುದಲ್ಲ. ರೊಕ್ಕ ಕಡಿಮೆ ಬಿದ್ದಿದ್ದರೆ ಕೊಡೋಣ ಅಂತಲೇ ಕೇಳುವುದು. ಏನೂ ಕೇಳದೆ ಸುಮ್ಮನಿದ್ದರೆ "ಇವ್ರಿಗೆ ನನ್ನ ಕಾಳಜಿನೇ ಇಲ್ಲ" ಅನಿಸುವುದಿಲ್ಲವೇ?

---

ಇಳಕಲ್ ಸೆರಗು

ಕಾಕಾ, ನಿಮ್ಮ ಮಾತಿನಲ್ಲಿ ನಿಜ ಇದೆ. ನಾನೂ ಅಂಥ ರಜೆ ಮುಗಿಸಿ ಆಫೀಸಿಗೆ ಹೋದವಳು, ಅದಕ್ಕೇ ಬರೆಯುತ್ತೇನೆ. ಯಾವ ಕಾಯಿಲೆ ಅಂತ ಇಲ್ಲೂ ಹೇಳುವುದಿಲ್ಲ.

ಮನೆಗೆ ಬಂದು ಕೇಳುವುದು ಬೇರೆ, ಆಫೀಸಿನಲ್ಲಿ ಕೇಳುವುದು ಬೇರೆ. ಮನೆಗೆ ಬಂದವರ ಹತ್ತಿರ ಬೇಕಾದರೆ ಅತ್ತು ಹೇಳಬಹುದು, ಬೇಡವಾದರೆ ಮಲಗಿದ್ದಾರೆ ಅಂತ ಮನೆಯವರು ಹೊರಗಿನಿಂದಲೇ ಕಳಿಸಬಹುದು. ಆಫೀಸಿನಲ್ಲಿ ಎರಡೂ ಆಗುವುದಿಲ್ಲ. ಫೈಲ್ ಮುಂದೆ ಇರುತ್ತದೆ, ಜನ ನಿಂತಿರುತ್ತಾರೆ, ಒಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ.

ನನ್ನ ಔಷಧದಲ್ಲಿ ಸ್ಟೀರಾಯ್ಡ್ ಇತ್ತು. ಮುಖ ದುಂಡಗಾಗಿತ್ತು. ಮೊದಲ ದಿನವೇ ಒಬ್ಬರು "ಅಯ್ಯ, ಮೈ ತುಂಬ್ಕೊಂಡೀರಿ, ಮನಿಯೂಟ ಚಲೋ ಹತ್ತೇದ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನನಗೆ ಆ ಮುಖ ಕನ್ನಡಿಯಲ್ಲಿ ನೋಡಲೂ ಆಗುತ್ತಿರಲಿಲ್ಲ. ಇನ್ನೊಬ್ಬರು "ಈಗ ಪೂರ್ತಿ ಆರಾಮಲ್ರೀ?" ಅಂದರು. ನನಗೆ ತಪಾಸಣೆ ಇನ್ನೂ ನಡೆಯುತ್ತಿತ್ತು. ಹೌದು ಅಂದರೆ ಸುಳ್ಳು, ಇಲ್ಲ ಅಂದರೆ ಕಥೆ ಶುರು. ಹೂಂ ಅಂದೆ. ಮುಂದೆ ಚೆಕಪ್‌ಗೆ ರಜೆ ಕೇಳಿದಾಗ "ಆರಾಮ ಅಂದಿದ್ರಲ್ಲ, ಮತ್ತ್ಯಾಕ ರಜಾ?" ಅನ್ನುವ ಮಾತು ಬಂತು.

ನಿಜಕ್ಕೂ ಹಿತ ಅನಿಸಿದ್ದು ನಮ್ಮ ಅಟೆಂಡರ್ ಮಾತು. "ಬರ್ರಿ ಬಾಯಾರ, ನೀವ್ ಬಂದ್ರಿ, ಬಾಳ ಚಲೋ ಆತು. ಚಾ ಮೊದಲಿನಂಗ ಸಕ್ರಿ ಕಮ್ಮಿನೋ?" ಅಷ್ಟೇ ಕೇಳಿದ್ದು. ನನ್ನನ್ನು ನೆನಪಿಟ್ಟುಕೊಂಡಿದ್ದಾರೆ ಅಂತಲೂ ಗೊತ್ತಾಯಿತು, ನಾನು ಏನನ್ನೂ ಬಿಚ್ಚಿಡಬೇಕಾಗಲೂ ಇಲ್ಲ.

---

ಗುಮ್ಮಟ ನಾಡು (ವಿಜಯಪುರ)

ರಜೆ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ನಾನು ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಕಾಲು ಮುರಿದು ಪರಿವರ್ತಿತ ರಜೆಯಲ್ಲಿದ್ದೇನೆ. ಒಂದು ದಿನಕ್ಕೆ ಎರಡು ಅರ್ಧ ವೇತನ ರಜೆ ಕಡಿತ ಆಗುತ್ತದೆ ಅನ್ನುತ್ತಾರೆ, ನಿಜವೇ? ವಾಪಸ್ ಹಾಜರಾಗುವಾಗ ಏನೇನು ಕೊಡಬೇಕು?

---

ಕುಂದಾನಗರಿ ಸಿಬ್ಬಂದಿ ವಿಭಾಗ

ಸರ, ಇಲ್ಲಿ ಕೇಳಿದ್ದು ಮಾತಾಡಿಸುವ ವಿಷಯ. ಆದರೂ ಹೇಳುತ್ತೇನೆ. ಎರಡು ದಿನ ಕಡಿತ ಆಗುವುದು ನಿಜ. ವೈದ್ಯಕೀಯ ಕಾರಣಕ್ಕೆ ರಜೆ ಹೋದವರು ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೇ ಹಾಜರಾಗಬೇಕು. ಉಳಿದದ್ದನ್ನು ನಿಮ್ಮ ಕಚೇರಿಯಲ್ಲಿ ಎಸ್‌ಡಿಎ ಹತ್ತಿರ ವಿಚಾರಿಸಿ.

---

ಕಾಯ್ದೆ ಗೆಳೆಯ (ಬೆಳಗಾವಿ)

ಎಲ್ಲರೂ ಮರೆತಿದ್ದೀರಿ, ಕಾಯಿಲೆ ಏನು ಅಂತ ಕೇಳುವುದೇ ಕಾನೂನು ಪ್ರಕಾರ ಅಪರಾಧ. 2017ರಲ್ಲಿ ಕಾಯ್ದೆ ಬಂದಿದೆ. ಒಂದು ನೋಟಿಸ್ ಹಚ್ಚಿ, ಯಾರೂ ಬಾಯಿ ತೆರೆಯುವುದಿಲ್ಲ.

---

ಕುಂದಾನಗರಿ ಸಿಬ್ಬಂದಿ ವಿಭಾಗ

@ಕಾಯ್ದೆ ಗೆಳೆಯ, ಅರ್ಧ ಸರಿ. 2017ರಲ್ಲಿ ಎರಡು ಕಾಯ್ದೆ ಬಂದವು. ಎಚ್‌ಐವಿ ಕಾಯ್ದೆ ಪ್ರಕಾರ ತನ್ನ ಎಚ್‌ಐವಿ ಸ್ಥಿತಿ ಹೇಳು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ, ಅದಕ್ಕೆ ಕೋರ್ಟ್ ಆದೇಶ ಬೇಕು. ಅದೇ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವಂತೆಯೂ ಇಲ್ಲ. ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಕೊಡುವವರು ವಿಷಯ ಗುಟ್ಟಾಗಿಡಬೇಕು ಅನ್ನುತ್ತದೆ. ಆದರೆ ಚಾ ಕುಡಿಯುತ್ತ ಸಹೋದ್ಯೋಗಿ "ಏನಾಗಿತ್ತು" ಅಂತ ಕೇಳಿದರೆ ಅದು ಅಪರಾಧ ಅನ್ನುವ ಕಾಯ್ದೆ ಇಲ್ಲ. ಆಡಳಿತದವರು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಬಹುದು. ಅದು ಫೈಲಿನಲ್ಲಿ ಇರಬೇಕು, ಟೇಬಲ್ ಟೇಬಲ್ ಸುತ್ತಬಾರದು. ಇನ್ನು ನೋಟಿಸ್ ಹಚ್ಚಿದರೆ, ಕೇಳದೇ ಇದ್ದವರೂ "ಅಂಥಾದ್ದೇನಾಗಿತ್ತು?" ಅಂತ ಶುರು ಮಾಡುತ್ತಾರೆ. ದಯವಿಟ್ಟು ಬೇಡ.

---

ಸವದತ್ತಿ ಗುಡ್ಡ

ಒಂದು ಮಾತು ಕೇಳಿದರೆ ಯಾರೂ ಬೈಯಬೇಡಿ. ನಾಲ್ಕು ತಿಂಗಳು ಅಂದರೆ ಟಿಬಿ ಇರಬಹುದಲ್ವಾ? ಸಣ್ಣ ಆಫೀಸು, ಎಸಿ ಹಾಕಿ ಕಿಟಕಿ ಮುಚ್ಚಿರುತ್ತಾರೆ, ಕಪ್ಪು ಒಂದೇ ಇರುತ್ತದೆ. ಜೊತೆಗಿರುವವರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಅವರಿಗೆ ತಿಳಿದುಕೊಳ್ಳುವ ಹಕ್ಕಿಲ್ಲವೇ?

---

ಬಾದಾಮಿ ಸಿಸ್ಟರ್

ನಾನು ನರ್ಸ್. ಬೈಯುವುದಿಲ್ಲ, ಭಯ ಎಲ್ಲರಿಗೂ ಇರುತ್ತದೆ. ಆದರೆ ಮೊದಲನೆಯದು, ಯಾರೂ ನೋಡದ ಒಬ್ಬ ಹೆಣ್ಣುಮಗಳಿಗೆ ಇಲ್ಲಿ ಕೂತು ಕಾಯಿಲೆ ಹಚ್ಚುವುದು ಬೇಡ. ಆಫೀಸುಗಳಲ್ಲಿ ಸುದ್ದಿ ಹುಟ್ಟುವುದೇ "ಇರಬಹುದಲ್ವಾ" ಅನ್ನುವುದರಿಂದ.

ಎರಡನೆಯದು ಟಿಬಿ ಬಗ್ಗೆ. ಅದು ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ. ಕಪ್ಪು, ತಾಟು, ಕೈ ಕುಲುಕುವುದರಿಂದ ಬರುವುದಿಲ್ಲ. ಸಾಮಾನ್ಯ ಟಿಬಿಗೆ ಆರು ತಿಂಗಳು ಗುಳಿಗೆ. ಆದರೆ ಔಷಧ ಸರಿಯಾಗಿ ಹತ್ತಿದರೆ ಸುಮಾರು ಎರಡು ವಾರದಲ್ಲೇ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಔಷಧಕ್ಕೆ ಬಗ್ಗದ ಟಿಬಿಯ ಲೆಕ್ಕ ಬೇರೆ. ಯಾವುದೇ ಇರಲಿ, ಕೆಲಸಕ್ಕೆ ಬರಬಹುದೋ ಇಲ್ಲವೋ ಅಂತ ನೋಡಿಯೇ ಡಾಕ್ಟರ್ ಫಿಟ್‌ನೆಸ್ ಬರೆದುಕೊಡುವುದು. ನಿಮ್ಮ ಮಕ್ಕಳ ಬಗೆಗಿನ ಪ್ರಶ್ನೆಗೆ ಆ ಕಾಗದವೇ ಉತ್ತರ. ಭಯ ಹೋಗದಿದ್ದರೆ ಮ್ಯಾನೇಜರ್ ಹತ್ತಿರ "ಫಿಟ್‌ನೆಸ್ ಬಂದೇದಲ್ರೀ?" ಅಂತ ಕೇಳಿ. ಬಂದಿದೆ ಅಂದರೆ ಅಲ್ಲಿಗೆ ನಿಲ್ಲಿಸಿ. ಅವರ ಕಪ್ಪನ್ನು ಬೇರೆ ಇಡಬೇಡಿ. ಅದನ್ನು ನೋಡಿದವರಿಗೆ ಬೇರೆ ಮಾತೇ ಬೇಕಾಗಿಲ್ಲ.

---

ಸವದತ್ತಿ ಗುಡ್ಡ

ಸರಿ ಸಿಸ್ಟರ್. ಫಿಟ್‌ನೆಸ್ ಕೇಳಿ ನಿಲ್ಲಿಸುವುದು ಒಪ್ಪುವ ಮಾತು.

---

ಸಿಂದಗಿ ಟೀಚರ್

ಕಾಯಿಲೆ ಅಲ್ಲದ ರಜೆಯನ್ನೂ ಸೇರಿಸಿಕೊಳ್ಳಿ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಒಬ್ಬರು ಹೆರಿಗೆ ರಜೆಗೆ ಹೋಗಿದ್ದರು. ಮಗು ಉಳಿಯಲಿಲ್ಲ. ಹೆಡ್‌ಮಾಸ್ಟರಿಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ವಾಪಸ್ ಬಂದ ದಿನ ಸ್ಟಾಫ್ ರೂಮಿನಲ್ಲಿ "ಪೇಡೆ ಎಲ್ರೀ? ಗಂಡೋ ಹೆಣ್ಣೋ?" ಅಂತ ಎಲ್ಲರೂ ಒಟ್ಟಿಗೆ ಕೇಳಿಬಿಟ್ಟರು. ಆಕೆ ಚೀಲ ತೆಗೆದುಕೊಂಡು ಹೊರಗೆ ಹೋದರು. ಆ ವಾರ ಮತ್ತೆ ಬರಲಿಲ್ಲ.

ಇಂಥದ್ದನ್ನು ತಡೆಯುವುದು ವಿಷಯ ಗೊತ್ತಿರುವ ಒಬ್ಬರ ಕೆಲಸ. ಆಕೆಯನ್ನು ಕೇಳಿ, ಅವರು ಹೂಂ ಅಂದರೆ, ಬರುವ ಮುಂಚೆಯೇ ಉಳಿದವರಿಗೆ ಒಂದು ಸಾಲು ಹೇಳಬೇಕು: "ಮಗು ಇಲ್ಲ, ಆ ಮಾತು ತೆಗೀಬ್ಯಾಡ್ರಿ." ಅಂಥ ಕಡೆ ಏನೂ ತಿಳಿಸದಿರುವುದೇ ಹೆಚ್ಚು ಕೆಟ್ಟದ್ದು. ಗರ್ಭಪಾತ ಆದವರಿಗೂ ಕಾಯ್ದೆಯಲ್ಲಿ ಆರು ವಾರ ರಜೆ ಇದೆ. ಅಷ್ಟು ದಿನ ಹೋಗಿ ಬಂದವರನ್ನು "ಎಲ್ಲಿ ಟೂರ್ ಹೋಗಿದ್ರಿ" ಅಂತ ಕೇಳುವವರನ್ನೂ ನೋಡಿದ್ದೇನೆ. ಕಾರಣ ಗೊತ್ತಿಲ್ಲದಾಗ ಖುಷಿಯ ಕಾರಣವನ್ನೂ ಊಹಿಸಬಾರದು.

---

ಮುಧೋಳ ಕಾಕಾ

ಟೀಚರ್ ಅವ್ವಾ, ಓದಿ ಕಣ್ಣಲ್ಲಿ ನೀರು ಬಂತು. ಆ ಮಗಳು ಈಗ ಹೇಗಿದ್ದಾಳೋ.

ಆದರೂ ನನ್ನ ಒಂದು ಪ್ರಶ್ನೆ ಹಾಗೇ ಉಳಿದಿದೆ. ನಮ್ಮಲ್ಲಿ ಎದುರಿಗೆ ಸಿಕ್ಕವರಿಗೆಲ್ಲ "ಆರಾಮ್ರೀ?" ಅನ್ನುತ್ತೇವೆ. ಅದನ್ನೂ ಬಿಡಬೇಕೇ?

---

ಕುಂದಾನಗರಿ ಸಿಬ್ಬಂದಿ ವಿಭಾಗ

ಬೇಡ ಕಾಕಾ, ಅದನ್ನು ಬಿಟ್ಟರೆ ಎದ್ದು ಕಾಣುತ್ತದೆ. ಎಲ್ಲರಿಗೂ ಹೇಗೆ ಅನ್ನುತ್ತೀರೋ ಹಾಗೆಯೇ, ನಡೆಯುತ್ತ, ಅದೇ ದನಿಯಲ್ಲಿ ಅನ್ನಿ. "ಹೂಂರಿ, ಆರಾಮ" ಅಂತ ಅವರೂ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ತೊಂದರೆ ಆಗುವುದು ಕೈ ಹಿಡಿದುಕೊಂಡು, ದನಿ ಇಳಿಸಿ, "ಆರಾಮ ಅದೀರಲ್ಲ? ಖರೇನೂ?" ಅಂತ ಎರಡನೇ ಸಲ ಕೇಳಿದಾಗ. ಅವರೇ ಹೇಳಲು ಶುರು ಮಾಡಿದರೆ ಕೂತು ಕೇಳಿ. ಆದರೆ ಅದನ್ನು ಮುಂದಿನ ಟೇಬಲ್‌ಗೆ ಒಯ್ಯಬೇಡಿ.

ಇನ್ನೊಂದು ಮಾತು ಬಹಳ ಕೇಳುತ್ತೇನೆ: "ನೀವಿಲ್ದ ನಮಗ ಬಾಳ ತ್ರಾಸ ಆತ್ರಿ." ಬೇಕಾದವರು ನೀವು ಅಂತ ಹೇಳುವ ಆಸೆ. ಕೇಳುವವರಿಗೆ ಮಾತ್ರ ತನ್ನಿಂದ ಎಲ್ಲರಿಗೂ ತೊಂದರೆ ಆಯಿತು ಅಂತ ಕೇಳಿಸುತ್ತದೆ. ಅದರ ಬದಲು "ನೀವು ಇಲ್ದಾಗ ಬದಲಾಗಿದ್ದು ಇಷ್ಟು, ಚಾ ಟೈಮಿಗೆ ತೋರಸ್ತೀನಿ" ಅನ್ನಿ.

---

ತಾಳಿಕೋಟಿ ಶಂಕರ

ನನ್ನ ಅನುಭವ ಉಲ್ಟಾ. ಮನಸ್ಸಿಗೆ ಆರಾಮಿರಲಿಲ್ಲ, ಎರಡು ತಿಂಗಳು ಹೋಗಿ ಬಂದೆ. ಯಾರೂ ಏನೂ ಅನ್ನಲಿಲ್ಲ. ತಲೆ ಎತ್ತಿ ನೋಡಲಿಲ್ಲ. ಕೇಳಬಾರದು ಅಂತ ಸುಮ್ಮನಿದ್ದರೋ, ಹೆದರಿದ್ದರೋ ಗೊತ್ತಿಲ್ಲ. ಮಧ್ಯಾಹ್ನ ಡಬ್ಬಿ ಒಬ್ಬನೇ ಬಿಚ್ಚಿದೆ. ಕೇಳುವವರಿಗಿಂತ ಅದು ಜಾಸ್ತಿ ಚುಚ್ಚಿತು.

---

ಇಳಕಲ್ ಸೆರಗು

@ತಾಳಿಕೋಟಿ ಶಂಕರ, ಅಣ್ಣಾ, ಹೇಳಿದ್ದಕ್ಕೆ ಧನ್ಯವಾದ. ಅದಕ್ಕೇ ಸುಮ್ಮನಿರುವುದೂ ಉತ್ತರ ಅಲ್ಲ. "ಬರ್ರಿ, ಊಟಕ್ಕ ಕೂಡೂಣು" ಅನ್ನುವುದಕ್ಕೆ ಯಾವ ಕಾಯಿಲೆ ಅಂತ ಗೊತ್ತಿರಬೇಕಾಗಿಲ್ಲ.

---

ಜಮಖಂಡಿ ಹುಡುಗ

ಸರಿ, ಕೇಕ್ ಬೇಡ. ಕರದಂಟು ಕೊಡಿಸಿ. ಅಮೀನಗಡದ್ದು.

---

ಗೋಕಾಕ ಫಾಲ್ಸ್

ಕರದಂಟು ಅಂದರೆ ಗೋಕಾಕದ್ದು. ಅಮೀನಗಡದವರು ಬೆಲ್ಲ ಜಾಸ್ತಿ ಹಾಕುತ್ತಾರೆ.

---

ಜಮಖಂಡಿ ಹುಡುಗ

ಅಮೀನಗಡದ್ದು ತಿಂದು ನೋಡಿ ಮಾತಾಡಿ ಅಣ್ಣಾ. ಅಂಟು, ಒಣಹಣ್ಣು ಎಲ್ಲಾ ಅದರಲ್ಲೇ ಸರಿಯಾಗಿ ಇರುವುದು.

---

ಬಾದಾಮಿ ಸಿಸ್ಟರ್

ಎರಡೂ ಊರಿನದ್ದು ರುಚಿಯೇ. ಆದರೆ ಪಥ್ಯ ಇರಬಹುದು, ಸಕ್ಕರೆ ಬೇಡ ಅಂದಿರಬಹುದು, ಬಾಯಿಗೆ ರುಚಿ ಇಲ್ಲದಿರಬಹುದು. ತಂದರೆ ಎಲ್ಲರಿಗೂ ತಂದು ಡಬ್ಬಿಯನ್ನು ಟೇಬಲ್ ಮೇಲೆ ಇಡಿ. "ನಿಮಗಂತನ ತಂದೀವಿ, ಒಂದ್ ತುಣುಕರ ತಿನ್ನಬೇಕು" ಅಂತ ಒತ್ತಾಯ ಮಾಡಬೇಡಿ. ಬೇಡ ಅಂದವರು ಯಾಕೆ ಬೇಡ ಅಂತ ಹೇಳಬೇಕಾಗುತ್ತದೆ.

---

ನವನಗರ ಕೌಂಟರ್

ಎಲ್ಲ ಓದಿದೆ. ಸಾಹೇಬರಿಗೆ ಬೆಳಗಾವಿ ಮೇಡಂ ಬರೆದ ಮೆಸೇಜ್ ತೋರಿಸಿದೆ. ಒಂದೆರಡು ಮಾತು ಬದಲಿಸಿ ಕಳಿಸಿದ್ದಾರೆ. ಗ್ರೂಪಿನ ಮೆಸೇಜನ್ನು ನಾನು ಹೀಗೆ ತಿದ್ದಿದ್ದೇನೆ, ನೋಡಿ:

"ನಮ್ಮ ಅಕ್ಕ ಸೋಮವಾರದಿಂದ ಮತ್ತೆ ಕ್ಯಾಶ್ ಕೌಂಟರ್‌ನಲ್ಲಿ ಇರುತ್ತಾರೆ. ಅವರು ಬರುತ್ತಿರುವುದು ನಮಗೆಲ್ಲ ಖುಷಿ. ಪಿಗ್ಮಿ ಜಮಾ ಮೊದಲಿನಂತೆ ಅವರ ಹತ್ತಿರವೇ ಮಾಡಿ. ಬೇಗ ಪೂರ್ತಿ ಗುಣವಾಗಲಿ ಎಂದು ಹಾರೈಕೆ."

---

ಸಿಂದಗಿ ಟೀಚರ್

ಕೊನೆಯ ಸಾಲು ತೆಗೆಯಿರಿ. ಮೊದಲ ಮೂರು ಸಾಲಿನಲ್ಲಿ ಅವರು ಕೆಲಸದವರು, ಕೊನೆಯ ಸಾಲಿನಲ್ಲಿ ಮತ್ತೆ ರೋಗಿ ಆಗುತ್ತಾರೆ. ನಿರ್ದೇಶಕರಲ್ಲಿ ಒಬ್ಬರಿಗೆ ಗೊತ್ತಿಲ್ಲದಿದ್ದರೆ ಅದನ್ನು ಓದಿಯೇ ಫೋನ್ ಮಾಡುತ್ತಾರೆ.

---

ಕುಂದಾನಗರಿ ಸಿಬ್ಬಂದಿ ವಿಭಾಗ

ಟೀಚರ್ ಹೇಳಿದ್ದು ಸರಿ. ಉಳಿದ ಮೂರು ಸಾಲು ಚೆನ್ನಾಗಿವೆ. ಅಕ್ಕನೂ ಅದೇ ಗ್ರೂಪಿನಲ್ಲಿ ಇರುತ್ತಾರಲ್ಲ, ಹಾಕುವ ಮೊದಲು ಅವರಿಗೆ ತೋರಿಸಿ. ಹಾಕಿದ ಮೇಲೆ ಗ್ರೂಪನ್ನು ಆ ದಿನಕ್ಕೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಬಹುದು. ಇಲ್ಲವಾದರೆ ಕೈಮುಗಿಯುವ ಚಿತ್ರಗಳ ನಡುವೆ ಯಾರೋ ಒಬ್ಬರು "ಏನಾಗಿತ್ತು?" ಅಂತ ಹಾಕುತ್ತಾರೆ.

ಗ್ರಾಹಕರಿಗೆ ಎಲ್ಲರೂ ಒಂದೇ ಮಾತು ಹೇಳಬೇಕು. ಪಕ್ಕದ ಕೌಂಟರ್‌ನವರು ಕೇಳಿಸಿಕೊಂಡು ತಾವೇ ಉತ್ತರ ಕೊಡಲಿ: "ರಜಾದ ಮ್ಯಾಲಿದ್ರ್ರೀ, ಈಗ ಬಂದಾರ. ನಿಮ್ಮ ಪಾಸ್‌ಬುಕ್ ಕೊಡ್ರಿ." ಮೊದಲ ಮಾತು ಮುಗಿಯುತ್ತಿದ್ದಂತೆ ಕೆಲಸದ ಮಾತು ಬಂದರೆ ಹತ್ತರಲ್ಲಿ ಎಂಟು ಮಂದಿ ಪಾಸ್‌ಬುಕ್ ಹುಡುಕುತ್ತಾರೆ. "ತವರಿಗೆ ಹೋಗಿದ್ರು" ಅಂತ ಸುಳ್ಳು ಕಾರಣ ಕೊಡಬೇಡಿ. ಆ ಸುಳ್ಳನ್ನು ನಾಳೆಯಿಂದ ಅಕ್ಕನೇ ಕಾಯಬೇಕಾಗುತ್ತದೆ. ಪಿಗ್ಮಿ ಏಜೆಂಟರಿಗೆ ಇದನ್ನು ಮುಖ್ಯವಾಗಿ ಹೇಳಿ. ಅಂಗಡಿ ಅಂಗಡಿಗೆ ಹೋಗುವವರು ಅವರು. ಒಬ್ಬರು ರಜೆ, ಇನ್ನೊಬ್ಬರು ಆಪರೇಷನ್, ಮತ್ತೊಬ್ಬರು "ನಮಗ ಹೇಳೂದಿಲ್ರೀ" ಅಂದರೆ ಸುದ್ದಿ ಅಲ್ಲಿಂದಲೇ ಬೆಳೆಯುತ್ತದೆ.

---

ಗಲಗಲಿ ಬ್ಯಾಂಕಿನವ

ಇಷ್ಟೆಲ್ಲ ಆಗುವುದು ಬೇಡ ಅಂದರೆ ಅಕ್ಕನನ್ನು ಒಂದು ತಿಂಗಳು ಒಳಗಿನ ಕೆಲಸಕ್ಕೆ ಹಾಕಿ. ಕೌಂಟರ್ ಇಲ್ಲದಿದ್ದರೆ ಗ್ರಾಹಕರೂ ಇಲ್ಲ.

---

ಇಳಕಲ್ ಸೆರಗು

ಅವರನ್ನು ಕೇಳದೆ ಹಾಗೆ ಮಾಡಬೇಡಿ. ಒಳ್ಳೆಯದಕ್ಕೆ ಅಂತಲೇ ನನ್ನ ಸೀಟು ಬದಲಿಸಿದ್ದರು. "ಇನ್ನು ಇವರ ಕೈಲಿ ಆಗುವುದಿಲ್ಲ" ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

---

ಗಲಗಲಿ ಬ್ಯಾಂಕಿನವ

ಕೇಳಿಯೇ ಮಾಡಿ ಅಂತ ಸೇರಿಸುತ್ತೇನೆ. ಆದರೆ ಕ್ಯಾಶ್ ಕೆಲಸ ದೇಹಕ್ಕೆ ಭಾರ, ಅದು ನಿಜ. ದಿನವಿಡೀ ಒಂದೇ ಕಡೆ ಕೂರಬೇಕು, ಏಳಲು ಆಗುವುದಿಲ್ಲ, ಸಂಜೆ ನೂರು ರೂಪಾಯಿ ಕಡಿಮೆ ಬಿದ್ದರೂ ಟ್ಯಾಲಿ ಆಗುವವರೆಗೆ ಮನೆಗೆ ಹೋಗುವಂತಿಲ್ಲ. ತಲೆ ದಣಿದಾಗ ಎಣಿಕೆ ತಪ್ಪುತ್ತದೆ. "ಏನರ ಬೇಕಾದ್ರ ಹೇಳ್ರಿ" ಅಂದರೆ ಯಾರೂ ಹೇಳುವುದಿಲ್ಲ. "ಈ ವಾರ ಸಂಜಿ ಟ್ಯಾಲಿ ನಾ ಮಾಡ್ತೀನಿ, ನೀವು ಸಹಿ ಮಾಡ್ರಿ" ಅನ್ನಿ. ಹೂಂ ಅಥವಾ ಬೇಡ ಅಂದರೆ ಮುಗಿಯಿತು.

ಇನ್ನೊಂದು, ಶನಿವಾರವೇ ಅವರ ಲಾಗಿನ್ ಚೆಕ್ ಮಾಡಿ. ಇಷ್ಟು ದಿನ ಬಳಸದಿದ್ದರೆ ಐಡಿ ಲಾಕ್ ಆಗಿರುತ್ತದೆ, ಪಾಸ್‌ವರ್ಡ್ ಅವಧಿ ಮುಗಿದಿರುತ್ತದೆ. ಸೋಮವಾರ ಹತ್ತು ಗಂಟೆಗೆ ಸಾಲು ನಿಂತಾಗ ಸ್ಕ್ರೀನ್ ತೆರೆಯದಿದ್ದರೆ ಎಲ್ಲರ ಕಣ್ಣೂ ಅವರ ಮೇಲೆ. ಡ್ರಾಯರ್ ಕೀಲಿ ಯಾರ ಹತ್ತಿರ ಇದೆ ನೋಡಿ. ಅವರ ಕುರ್ಚಿಯಲ್ಲಿ ಈಗ ಕೂರುವವರು ತಮ್ಮ ಸಾಮಾನು ಮೊದಲೇ ತೆಗೆಯಲಿ. ಅಕ್ಕ ಬಂದ ಮೇಲೆ "ಏಳ್ರಿ ಏಳ್ರಿ" ಅಂತ ಎಬ್ಬಿಸಿದರೆ ಇಬ್ಬರಿಗೂ ಸಂಕೋಚ.

---

ನವನಗರ ಕೌಂಟರ್

ಲಾಗಿನ್ ವಿಷಯ ಹೇಳಿದ್ದಕ್ಕೆ ಬಹಳ ಉಪಕಾರ ಆಯಿತು. ನೋಡಿದರೆ ಲಾಕ್ ಆಗಿಯೇ ಇತ್ತು. ಸಾಫ್ಟ್‌ವೇರ್‌ನವರು ಶನಿವಾರ ತೆರೆದುಕೊಟ್ಟರು.

ಅಕ್ಕನ ಉತ್ತರವೂ ಬಂತು. ಶಾಲು ಬೇಡ, ಚಾ ಎಲ್ಲರ ಜೊತೆ ಕುಡಿಯುತ್ತೇನೆ ಅಂದರಂತೆ. ಕೇಳಿದವರಿಗೆ ರಜೆಯಲ್ಲಿದ್ದರು ಅಂದರೆ ಸಾಕಂತೆ. ಕೌಂಟರ್ ತಾನೇ ನೋಡುತ್ತೇನೆ, ಮೊದಲ ವಾರ ಮೂರು ಗಂಟೆ ಮೇಲೆ ಬೇರೆಯವರು ಕೂತರೆ ಅನುಕೂಲ ಅಂತಲೂ ಬರೆದಿದ್ದಾರೆ. ನಾವು ಊಹಿಸಿ ಮಾಡಿದ್ದರೆ ಮೂರೂ ತಪ್ಪುತ್ತಿತ್ತು. ಧೀರ ಅಕ್ಕ ಅಂತ ಬರೆದಿದ್ದ ಗೆಳೆಯರಿಗೆ ಮೊದಲು ಬೇಜಾರಾಯಿತು. ಈಗ ಚಾ ಜೊತೆಗೆ ಮಿರ್ಚಿ ಭಜಿ ತರಿಸುವ ಜವಾಬ್ದಾರಿ ಅವರದು.

---

ಗುಮ್ಮಟ ನಾಡು

ಹಾಗಾದರೆ ನನ್ನ ಫಿಟ್‌ನೆಸ್ ಸರ್ಟಿಫಿಕೇಟನ್ನು ಮೊದಲು ತೋರಿಸಿದ ಡಾಕ್ಟರೇ ಕೊಡಬೇಕೋ, ಬೇರೆಯವರೂ ಕೊಡಬಹುದೋ?

---

ಬಾದಾಮಿ ಸಿಸ್ಟರ್

ಸರ, ಚಿಕಿತ್ಸೆ ಕೊಟ್ಟವರ ಹತ್ತಿರವೇ ಹೋಗಿ. ನಿಮ್ಮ ಎಕ್ಸ್‌ರೇ ಎಲ್ಲ ಅವರ ಹತ್ತಿರ ಇರುತ್ತದೆ, ಕೆಲಸ ಸುಲಭ.

---

ನವನಗರ ಕೌಂಟರ್

ಸೋಮವಾರದ ಸುದ್ದಿ. "ಬರ್ರಿ ಅಕ್ಕಾರ, ನೀವ್ ಬಂದಿದ್ದು ಬಾಳ ಚಲೋ ಆತು" ಅಂತ ಒಬ್ಬೊಬ್ಬರೇ ಅಂದೆವು, ಗುಂಪು ಕಟ್ಟಲಿಲ್ಲ. ಪಾಸ್‌ಬುಕ್ ಮಾತು ಬಹಳ ಜನರಿಗೆ ಕೆಲಸ ಮಾಡಿತು. ಒಬ್ಬ ಅಜ್ಜಿ ಮಾತ್ರ ಕೌಂಟರ್ ಕಿಂಡಿಯಲ್ಲೇ ಕೈ ಹಾಕಿ ಅಕ್ಕನ ಕೈ ಹಿಡಿದುಕೊಂಡು "ಯವ್ವಾ, ಏನಾಗಿತ್ತವ್ವಾ ನಿನಗ" ಅಂತ ಕೇಳಿದರು. ನಾನು ನಡುವೆ ಬಾಯಿ ಹಾಕುವಷ್ಟರಲ್ಲಿ ಅಕ್ಕನೇ "ಆಮ್ಯಾಲ ಮನಿಗೆ ಬಾ ಆಯಿ, ಹೇಳ್ತೀನಿ" ಅಂದರು. ಅವರ ಮುಖದಲ್ಲಿ ಬೇಸರ ಇರಲಿಲ್ಲ.

ಈಗ ಹೊಸ ತೊಡಕು. ಅಧ್ಯಕ್ಷರು ಸಂಜೆ ಬಂದಿದ್ದರು. ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ಸದಸ್ಯರೆಲ್ಲರ ಎದುರು ಅಕ್ಕನಿಗೆ ಸನ್ಮಾನ ಮಾಡಿಸುತ್ತೇನೆ ಅಂದಿದ್ದಾರೆ. ಅಕ್ಕ ನಕ್ಕು ಸುಮ್ಮನಾದರು. ಅಧ್ಯಕ್ಷರಿಗೆ ಬೇಡ ಅಂತ ಹೇಳುವವರು ಯಾರು?

---

ಮುಧೋಳ ಕಾಕಾ

ನೋಡಿದಿರಾ, ಆಯಿ ಕೇಳಿದಾಗ ಬೇಸರ ಆಗಲಿಲ್ಲ. ಕೇಳುವವರು ಯಾರು ಅನ್ನುವುದರ ಮೇಲೂ ಇದೆ. ಸನ್ಮಾನದ ವಿಷಯದಲ್ಲೂ ಬೇಡವೇ ಬೇಡ ಅಂತ ನೀವೇ ತೀರ್ಮಾನ ಮಾಡಬೇಡಿ. ಈಗ ಬೇಡ ಅಂದವರಿಗೆ ಸೆಪ್ಟೆಂಬರ್ ಹೊತ್ತಿಗೆ ಬೇಕು ಅನಿಸಬಹುದು.

---

ಕುಂದಾನಗರಿ ಸಿಬ್ಬಂದಿ ವಿಭಾಗ

ಕಾಕಾ ಹೇಳಿದ್ದು ಇಲ್ಲಿ ನಿಜ. ಮ್ಯಾನೇಜರ್ ಒಬ್ಬರೇ ಅಕ್ಕನನ್ನು ಕೇಳಲಿ, ಅಧ್ಯಕ್ಷರ ಎದುರಿಗಲ್ಲ. ಬೇಡ ಅಂದರೆ ಅಧ್ಯಕ್ಷರಿಗೆ ಬೇರೆ ದಾರಿ ಕೊಡಿ. "ಇಷ್ಟು ವರ್ಷ ಸೇವೆ ಮಾಡಿದ ಸಿಬ್ಬಂದಿ" ಅಂತ ಇಬ್ಬರು ಮೂವರಿಗೆ ಒಟ್ಟಿಗೆ ಶಾಲು ಹೊದಿಸಿದರೆ ಕಾಯಿಲೆಯ ಮಾತೇ ಬರುವುದಿಲ್ಲ. ಅಧ್ಯಕ್ಷರ ಭಾಷಣ ಬರೆದುಕೊಡುವವರು ಯಾರೋ ಅವರಿಗೆ ಮೊದಲೇ ತಿಳಿಸಿ. ವೇದಿಕೆ ಮೇಲೆ ಬಾಯಿ ತಪ್ಪುವುದು ಅಲ್ಲೇ.

---

ನವನಗರ ಕೌಂಟರ್

ಭಾಷಣ ಬರೆದುಕೊಡುವವನು ನಾನೇ. ಸಾಹೇಬರ ಹತ್ತಿರ ನಾಳೆ ಮಾತಾಡುತ್ತೇನೆ.

---

ಗೋಕಾಕ ಫಾಲ್ಸ್

ವಾರ್ಷಿಕ ಸಭೆಗೆ ಕರದಂಟು ಹಂಚುವುದಾದರೆ ಹೇಳಿ, ಎಲ್ಲಿ ಕೊಳ್ಳಬೇಕು ಅಂತ ನಾನು ತಿಳಿಸುತ್ತೇನೆ.